ಒಂದೇ ವರದಿಗೆ 13, 11, 9: ಗುಂಪು ಪ್ರಾಜೆಕ್ಟಿನ ರೂಬ್ರಿಕ್ಕಿನಲ್ಲಿ ದೋಷ ಎಲ್ಲಿದೆ ಅಂತ ಹುಡುಕುವುದು

ತೊಂದರೆ ಹೀಗಿರುತ್ತದೆ. ಪ್ಲಸ್ ವನ್ ಮಕ್ಕಳ ಗುಂಪು ಪ್ರಾಜೆಕ್ಟ್ ವರದಿಗಳು ಬಂದಿವೆ. ನೋಡುವವರು ಮೂವರು, ಮೂವರ ಕೈಯಲ್ಲೂ ಅದೇ ರೂಬ್ರಿಕ್. ಆದರೂ 16 ಅಂಕದಲ್ಲಿ ಒಬ್ಬರು 13 ಕೊಟ್ಟ ವರದಿಗೆ ಇನ್ನೊಬ್ಬರು 11, ಮತ್ತೊಬ್ಬರು 9 ಕೊಡುತ್ತಾರೆ. ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಚರ್ಚೆಯಾಗುತ್ತದೆ, ಯಾರೋ "ಸರಾಸರಿ ತೆಗೆದುಬಿಡಿ ಮಾಷ್ಟ್ರೇ" ಅನ್ನುತ್ತಾರೆ, 11 ಅಂತ ಬರೆದು ಎಲ್ಲರೂ ಮುಂದಿನ ಪೀರಿಯಡ್‌ಗೆ ಹೋಗುತ್ತಾರೆ. ದೋಷ ಮಾತ್ರ ಅಲ್ಲೇ ಉಳಿಯುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಬಿಡಿ ಮಾನದಂಡಗಳ ರೂಬ್ರಿಕ್ ಬಗ್ಗೆ. ಅಂದರೆ ಇಡೀ ವರದಿಗೆ ಒಂದೇ ಗ್ರೇಡ್ ಹಾಕುವುದಲ್ಲ. ಒಂದೊಂದು ಸಾಲಿಗೆ ಒಂದು ಮಾನದಂಡ, ಪ್ರತಿ ಸಾಲಿನಲ್ಲಿ 4ರಿಂದ 1ರವರೆಗೆ ಹಂತ, ಪ್ರತಿ ಹಂತದ ಚೌಕದಲ್ಲಿ "ಇಲ್ಲಿಗೆ ಬರಬೇಕಾದರೆ ವರದಿ ಹೀಗಿರಬೇಕು" ಅನ್ನುವ ವಿವರಣೆ. ಈ ವಿವರಣೆಯನ್ನು ಮೂವರೂ ಒಂದೇ ಥರ ಓದಿದರೆ ರೂಬ್ರಿಕ್ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಅದು ಸುಮ್ನೆ ಚೌಕ ಹಾಕಿದ ಕಾಗದ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಕಾಸರಗೋಡಿನ ಗುಡ್ಡದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆ, ವಿಷಯ "ನಮ್ಮ ವಾರ್ಡಿನ ಸುರಂಗಗಳಲ್ಲಿ ಬೇಸಿಗೆಯಲ್ಲಿ ನೀರು ಎಷ್ಟು ಉಳಿಯುತ್ತದೆ". ಮಕ್ಕಳು ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳನ್ನು ಹುಡುಕಿ, ಉದ್ದ ಕೇಳಿ, ಬಕೆಟ್ ತುಂಬುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ನೋಡಿ, ಮನೆಯವರ ಹತ್ತಿರ ಮಾತಾಡಿ ವರದಿ ಬರೆದಿದ್ದಾರೆ. ಆರು ಗುಂಪು, ಆರು ವರದಿ. ನೋಡುವವರು ಕನ್ನಡ ಟೀಚರ್, ಭೂಗೋಳದ ಮಾಷ್ಟ್ರು, ಇಕನಾಮಿಕ್ಸ್ ಟೀಚರ್. ಭೂಗೋಳದ ಮಾಷ್ಟ್ರೇ ಆ ಕ್ಲಾಸಿನ ಕ್ಲಾಸ್ ಟೀಚರ್ ಕೂಡ. ಮಾನದಂಡ ನಾಲ್ಕು: ಪ್ರಶ್ನೆ, ತೀರ್ಮಾನ, ಅಧ್ಯಾಯಗಳ ಜೋಡಣೆ, ಗುಂಪಿನೊಳಗಿನ ಸಹಕಾರ. ಅಂಕಗಳನ್ನು ಮಾತ್ರ ದೋಷ ಎದ್ದು ಕಾಣುವ ಹಾಗೆ ನಾನೇ ಜೋಡಿಸಿದ್ದೇನೆ. ನಿಮ್ಮಲ್ಲಿ ಇಷ್ಟು ಚೊಕ್ಕವಾಗಿ ಕಾಣಲಿಕ್ಕಿಲ್ಲ, ಆದರೆ ಇದೇ ಮೂರ್ನಾಲ್ಕು ಆಕಾರಗಳು ಕಾಣುತ್ತವೆ.

ಮೊದಲು ನೋಡಬೇಕಾದ್ದು

ಎಲ್ಲರ ಹತ್ತಿರ ಒಂದೇ ಪ್ರತಿ ಇದೆಯಾ? ನಗಬೇಡಿ. ನಮ್ಮ ಕಡೆ ರೂಬ್ರಿಕ್ ಒಂದು ಕನ್ನಡದಲ್ಲಿ, ಒಂದು ಮಲಯಾಳದಲ್ಲಿ ಇರುವುದು ಸಾಮಾನ್ಯ. ಯಾರೋ ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಬಿಟ್ಟಿರುತ್ತಾರೆ, ಅಥವಾ ವಾಟ್ಸಾಪಿನಲ್ಲಿ ಬಂದ ಹಳೆ ಪಿಡಿಎಫ್ ಪ್ರಿಂಟ್ ಆಗಿರುತ್ತದೆ. ಎರಡೂ ಪ್ರತಿಯ ಮೇಲೆ ತಾರೀಖು ಹಾಕಿ, ಹೊಂದಿಸಿ ನೋಡಿ. ಅಲ್ಲಿ ತೊಂದರೆ ಇಲ್ಲ ಅಂತಾದರೆ ಮುಂದೆ ಹೋಗಿ.

ಎರಡನೆಯದು, ಮೂವರೂ ಬೇರೆ ಬೇರೆ ಕೂತು, ಮಾತಾಡದೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಅಂಕ ಹಾಕಿರಬೇಕು. ಮೊದಲು ನೋಡಿದವರು ವರದಿಯ ಮೇಲೆಯೇ ಕೆಂಪು ಶಾಯಿಯಲ್ಲಿ 3 ಅಂತ ಬರೆದಿದ್ದರೆ ಎರಡನೆಯವರ ಅಂಕದಿಂದ ಏನೂ ಗೊತ್ತಾಗುವುದಿಲ್ಲ. ಬೇರೆ ಹಾಳೆಯಲ್ಲಿ ಬರೆಯಲಿ. ಇನ್ನೊಂದು, ಒಂದು ವರದಿಯ ನಾಲ್ಕೂ ಸಾಲು ಮುಗಿಸಿ ಮುಂದಿನದಕ್ಕೆ ಹೋಗುವುದಕ್ಕಿಂತ, ಆರೂ ವರದಿಗೆ ಮೊದಲು "ಪ್ರಶ್ನೆ" ಮಾತ್ರ, ಆಮೇಲೆ ಆರಕ್ಕೂ "ತೀರ್ಮಾನ" ಮಾತ್ರ ಹೀಗೆ ಹೋದರೆ ಒಳ್ಳೆಯದು. ಹೊತ್ತು ಸ್ವಲ್ಪ ಜಾಸ್ತಿ ಬೇಕು ನಿಜ. ಆದರೆ ಒಂದು ಸಾಲಿನಲ್ಲಿ 4 ಕೊಟ್ಟ ಖುಷಿ ಪಕ್ಕದ ಸಾಲಿಗೂ ಹರಿಯುವುದು ಕಡಿಮೆಯಾಗುತ್ತದೆ.

ಒಟ್ಟು ಅಂಕ ನೋಡಬೇಡಿ

ಒಟ್ಟು ಅಂಕ ಎರಡು ರೀತಿಯಲ್ಲಿ ಮೋಸ ಮಾಡುತ್ತದೆ. ಮೊದಲನೇ ವರದಿಗೆ 13, 11, 9 ಬಂದದ್ದರಿಂದ ಜಗಳ ಇದೆ ಅಂತಾದರೂ ಗೊತ್ತಾಯಿತು. ಮೂರನೇ ವರದಿ ನೋಡಿ: ಕನ್ನಡ ಟೀಚರ್ 10, ಇಕನಾಮಿಕ್ಸ್ ಟೀಚರ್ 10. ಆಹಾ, ಒಂದೇ ಅಂಕ! ಬಿಡಿಸಿ ನೋಡಿದರೆ ಕನ್ನಡ ಟೀಚರದ್ದು 2, 2, 3, 3. ಇಕನಾಮಿಕ್ಸ್ ಟೀಚರದ್ದು 1, 4, 2, 3. ತೀರ್ಮಾನದ ಸಾಲಿನಲ್ಲಿ ಒಬ್ಬರಿಗೆ 2 ಕಂಡದ್ದು ಇನ್ನೊಬ್ಬರಿಗೆ 4 ಕಂಡಿದೆ. ಕೂಡಿಸುವಾಗ ಒಂದು ಕಡೆಯ ಜಾಸ್ತಿ ಇನ್ನೊಂದು ಕಡೆಯ ಕಡಿಮೆಯನ್ನು ನುಂಗಿಬಿಟ್ಟಿದೆ.

ಹಾಗಾಗಿ ಸಾಲು ಸಾಲಾಗಿ ಒಂದು ಪಟ್ಟಿ ಮಾಡಿ. ಪ್ರತಿ ಚೌಕದಲ್ಲಿ ಕನ್ನಡ, ಭೂಗೋಳ, ಇಕನಾಮಿಕ್ಸ್ ಅದೇ ಕ್ರಮದಲ್ಲಿ. ಜೋಡಣೆಯ ಸಾಲನ್ನು ಆಮೇಲೆ ನೋಡುತ್ತೇನೆ, ಅದರ ಕತೆ ಬೇರೆ.

| ವರದಿ | ಪ್ರಶ್ನೆ | ತೀರ್ಮಾನ | ಸಹಕಾರ |
|---|---|---|---|
| 1 | 3, 3, 2 | 4, 2, 2 | 3, 4, 3 |
| 2 | 3, 3, 2 | 3, 3, 2 | 3, 2, 3 |
| 3 | 2, 2, 1 | 2, 4, 4 | 3, 4, 3 |
| 4 | 4, 4, 3 | 3, 2, 1 | 3, 3, 3 |
| 5 | 2, 2, 1 | 2, 3, 3 | 3, 1, 3 |
| 6 | 3, 3, 2 | 4, 2, 3 | 3, 4, 3 |

ಈಗ ಕನ್ನಡ ಟೀಚರ್ ಮತ್ತು ಇಕನಾಮಿಕ್ಸ್ ಟೀಚರ್ ಇಬ್ಬರನ್ನೇ ಹೋಲಿಸಿ, ಎಷ್ಟು ವರದಿಗೆ ಅದೇ ಹಂತ ಕೊಟ್ಟಿದ್ದಾರೆ ಅಂತ ಎಣಿಸಿ. ಪ್ರಶ್ನೆಯಲ್ಲಿ ಆರರಲ್ಲಿ ಒಂದೂ ಇಲ್ಲ. ತೀರ್ಮಾನದಲ್ಲೂ ಒಂದೂ ಇಲ್ಲ. ಸಹಕಾರದಲ್ಲಿ ಆರಕ್ಕೆ ಆರು. ಎಣಿಕೆ ನಂಬಿದರೆ ಮೊದಲ ಎರಡು ಸಾಲು ಒಂದೇ ಥರ ಕೆಟ್ಟಿವೆ, ಸಹಕಾರದ ಸಾಲು ಬಹಳ ಚೆನ್ನಾಗಿದೆ. ಆದರೆ ಮೊದಲ ಎರಡರ ಕಾಯಿಲೆ ಬೇರೆ ಬೇರೆ, ಸಹಕಾರದ ಸಾಲೇ ಮೂರರಲ್ಲಿ ಅತಿ ಕೆಟ್ಟದ್ದು. ಅಡಿಕೆ ಉದುರಿದೆ ಅಂತ ನೀರಿಲ್ಲದೆ ಉದುರಿದ್ದಕ್ಕೂ ಕೊಳೆರೋಗದ ಮದ್ದು ಬಿಟ್ಟರೆ ಏನಾಗುತ್ತದೆ, ಇಲ್ಲೂ ಹಾಗೆಯೇ.

ಆಕಾರ ಒಂದು: ಕ್ರಮ ಅದೇ, ಎಲ್ಲ ಒಂದು ಹಂತ ಕೆಳಗೆ

ಪ್ರಶ್ನೆಯ ಸಾಲಿನಲ್ಲಿ ಇಕನಾಮಿಕ್ಸ್ ಟೀಚರ್ ಪ್ರತಿ ವರದಿಗೂ ಉಳಿದಿಬ್ಬರಿಗಿಂತ ಸರಿಯಾಗಿ ಒಂದು ಕಡಿಮೆ ಕೊಟ್ಟಿದ್ದಾರೆ. ಯಾವುದು ಮೇಲು ಯಾವುದು ಕೆಳಗೆ ಅನ್ನುವುದರಲ್ಲಿ ಜಗಳ ಇಲ್ಲ. ಇದನ್ನು ನೋಡಿದ ಕೂಡಲೇ "ಅವರು ಸ್ಟ್ರಿಕ್ಟು" ಅಂತ ಹೇಳಿಬಿಡುತ್ತೇವೆ. ಸ್ವಲ್ಪ ತಡೆಯಿರಿ. ಸ್ಟ್ರಿಕ್ಟ್ ಆದವರು ಎಲ್ಲ ಸಾಲಿನಲ್ಲೂ ಸ್ಟ್ರಿಕ್ಟ್ ಇರಬೇಕಲ್ವಾ? ತೀರ್ಮಾನದ ಸಾಲಿನಲ್ಲಿ ಅವರನ್ನು ಭೂಗೋಳದ ಮಾಷ್ಟ್ರ ಜತೆ ಹೋಲಿಸಿ: ಮೂರು ವರದಿಗೆ ಅದೇ ಹಂತ, ಎರಡಕ್ಕೆ ಒಂದು ಕಡಿಮೆ, ಒಂದಕ್ಕೆ ಒಂದು ಜಾಸ್ತಿ. ಅಲ್ಲಿ ಅವರು ಬಿಗಿ ಇಲ್ಲ. ಅಂದರೆ ದೋಷ ಅವರ ಸ್ವಭಾವದಲ್ಲಿಲ್ಲ, ಈ ಸಾಲಿನ ಗಡಿಯಲ್ಲಿದೆ.

ಹಳೆ ವಿವರಣೆಯಲ್ಲಿ 3ನೇ ಹಂತಕ್ಕೆ "ಅಧ್ಯಯನದ ಪ್ರಶ್ನೆ ಸ್ಪಷ್ಟವಾಗಿದೆ" ಅಂತ ಇತ್ತು. "ಬೇಸಿಗೆಯಲ್ಲಿ ಸುರಂಗದ ನೀರು ಕಡಿಮೆಯಾಗುತ್ತದೆಯೇ?" ಇಬ್ಬರಿಗೆ ಇದು ಸ್ಪಷ್ಟ. ಇಕನಾಮಿಕ್ಸ್ ಟೀಚರಿಗೆ ಯಾವ ವಾರ್ಡು, ಯಾವ ತಿಂಗಳು, ಎಷ್ಟು ಸುರಂಗ ಅಂತ ಇಲ್ಲದೆ ಸ್ಪಷ್ಟ ಅಲ್ಲ. ಎರಡೂ ಒಪ್ಪುವಂಥ ಓದು. ಮದ್ದು ಸಣ್ಣದು: 3ನೇ ಹಂತಕ್ಕೆ "ಪ್ರಶ್ನೆಯಲ್ಲೇ ಅಥವಾ ಅದರ ಕೆಳಗೆ ಜಾಗ ಮತ್ತು ಅವಧಿ ಹೇಳಿದೆ" ಅಂತ ಸೇರಿಸಿದರೆ ಆಯಿತು. ಯಾರ ಓದು ಸರಿ ಅಂತ ವಾದ ಮಾಡಬೇಕಾಗಿಲ್ಲ. ಯಾವುದು ಬೇಕು ಅಂತ ತೀರ್ಮಾನಿಸಿ ಬರೆದರೆ ಸಾಕು.

ಒಬ್ಬರು ನಿಜವಾಗಿಯೂ ಎಲ್ಲ ಸಾಲಿನಲ್ಲೂ ಒಂದು ಕೆಳಗೆ ಇದ್ದರೆ ಮಾತ್ರ ವಿವರಣೆ ತಿದ್ದುವುದರಿಂದ ಪ್ರಯೋಜನ ಕಡಿಮೆ. ಅಂಥವರಿಗೆ ಮಾದರಿ ವರದಿ ತೋರಿಸಬೇಕು, ಅದನ್ನು ಕೆಳಗೆ ಹೇಳುತ್ತೇನೆ.

ಆಕಾರ ಎರಡು: ಕ್ರಮವೇ ತಲೆಕೆಳಗು

ತೀರ್ಮಾನದ ಸಾಲು ನೋಡಿ. ಕನ್ನಡ ಟೀಚರಿಗೆ 1 ಮತ್ತು 6ನೇ ವರದಿ ಎಲ್ಲಕ್ಕಿಂತ ಮೇಲೆ, 3 ಮತ್ತು 5 ಕೆಳಗೆ. ಭೂಗೋಳದ ಮಾಷ್ಟ್ರಿಗೆ 3 ಎಲ್ಲಕ್ಕಿಂತ ಮೇಲೆ, 1, 4 ಮತ್ತು 6 ಕೆಳಗೆ. ಇಬ್ಬರೂ ಬೇರೆ ಬೇರೆ ವಸ್ತು ಅಳೆಯುತ್ತಿದ್ದಾರೆ. ಇಲ್ಲಿ ಕೂಡಿಸಿ ಕಳೆದು ಏನೂ ಮಾಡಲಾಗುವುದಿಲ್ಲ, ಸರಾಸರಿ ತೆಗೆದರಂತೂ ಎರಡು ಬೇರೆ ವಸ್ತುಗಳ ಸರಾಸರಿ.

ಏನನ್ನು ಅಳೆಯುತ್ತಿದ್ದಾರೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. "ಯಾಕೆ ಹೀಗೆ ಕೊಟ್ಟಿರಿ" ಅಂತ ಕೇಳಬೇಡಿ. ಕೇಳಿದರೆ ಎಲ್ಲರೂ ಕಾರಣ ಕಟ್ಟಿಕೊಡುತ್ತಾರೆ, ನಾವೂ ಹಾಗೆಯೇ. ಬದಲಿಗೆ ಪೆನ್ಸಿಲ್ ಕೊಡಿ. ವರದಿಯಲ್ಲಿ ಯಾವ ವಾಕ್ಯ ಅಥವಾ ಪಟ್ಟಿ ನೋಡಿ ಈ ಹಂತ ಕೊಟ್ಟರೋ ಅದಕ್ಕೆ ಗೆರೆ ಎಳೆಯಲಿ. ರೂಬ್ರಿಕ್ಕಿನ ಚೌಕದಲ್ಲಿ ಯಾವ ಪದ ಹಿಡಿದುಕೊಂಡರೋ ಅದಕ್ಕೂ ಗೆರೆ ಎಳೆಯಲಿ. ಆಮೇಲೆ ಗೆರೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಮೂರು ರೀತಿಯ ಫಲ ಬರಬಹುದು. ರೂಬ್ರಿಕ್ಕಿನಲ್ಲಿ ಒಬ್ಬೊಬ್ಬರು ಒಂದೊಂದು ಪದಕ್ಕೆ ಗೆರೆ ಹಾಕಿದ್ದರೆ ಆ ವಿವರಣೆಯಲ್ಲಿ ಎರಡು ವಿಷಯ ಕೂಡಿಕೊಂಡಿವೆ, ಬೇರೆ ಮಾಡಬೇಕು. ಪದ ಅದೇ, ಆದರೆ ವರದಿಯಲ್ಲಿ ತೋರಿಸಿದ ಜಾಗ ಬೇರೆಯಾಗಿದ್ದರೆ ಆ ಪದ ಸಡಿಲವಾಗಿದೆ, ಅದರ ಬದಲು ಕಣ್ಣಿಗೆ ಕಾಣುವ ಏನಾದರೂ ಹಾಕಬೇಕು. ವರದಿಯಲ್ಲಿ ಗೆರೆ ಹಾಕಲು ಏನೂ ಸಿಗದಿದ್ದರೆ ಅಂಕ ವರದಿಯಿಂದ ಬಂದದ್ದಲ್ಲ, ಹೊರಗಿನಿಂದ ಬಂದದ್ದು.

ನಮ್ಮ ಉದಾಹರಣೆಯಲ್ಲಿ 4ನೇ ಹಂತದ ಹಳೆ ವಿವರಣೆ ಇದು: "ಮಾಹಿತಿಯನ್ನು ಸ್ಪಷ್ಟವಾಗಿ, ಆಧಾರಸಹಿತವಾಗಿ, ಆಳವಾಗಿ ವಿಶ್ಲೇಷಿಸಿ ತೀರ್ಮಾನಕ್ಕೆ ಬಂದಿದ್ದಾರೆ." 3ಕ್ಕೆ ಅದನ್ನೇ "ಸಾಕಷ್ಟು ಮಟ್ಟಿಗೆ", 2ಕ್ಕೆ "ಭಾಗಶಃ", 1ಕ್ಕೆ "ಬಹಳ ಕಡಿಮೆ". ಇದು ಎಲ್ಲ ಕಡೆ ಓಡಾಡುವ ಅಚ್ಚು. ಒಂದು ವಾಕ್ಯ ಬರೆದು ಕೆಳಗೆ ಇಳಿದ ಹಾಗೆ ಕ್ರಿಯಾವಿಶೇಷಣ ಬದಲಿಸುವುದು. ಬರೆಯಲು ಐದು ನಿಮಿಷ ಸಾಕು, ಅದಕ್ಕೇ ಇಷ್ಟು ಜನಪ್ರಿಯ. ಕನ್ನಡ ಟೀಚರ್ "ಸ್ಪಷ್ಟವಾಗಿ" ಪದಕ್ಕೆ ಗೆರೆ ಹಾಕಿದರು, ಉಳಿದಿಬ್ಬರು "ಆಧಾರಸಹಿತವಾಗಿ" ಪದಕ್ಕೆ. ಮೊದಲನೇ ವರದಿಯ ಕೊನೆಯ ಅಧ್ಯಾಯ ಓದುವುದಕ್ಕೆ ಬಹಳ ಚಂದ, ಹಿರಿಯರ ಜಾಣ್ಮೆಯ ಬಗ್ಗೆ ಒಳ್ಳೆ ಭಾಷೆ, ಆದರೆ "ಕೊಳವೆಬಾವಿಗಳಿಂದ ಸುರಂಗಗಳು ಬತ್ತುತ್ತಿವೆ" ಅನ್ನುವ ಮಾತಿಗೆ ಅವರದ್ದೇ ಪಟ್ಟಿಯಲ್ಲಿ ಕೊಳವೆಬಾವಿಯ ಕಾಲಮ್ಮೇ ಇಲ್ಲ. ಮೂರನೇ ವರದಿಯಲ್ಲಿ ಒತ್ತು ದೀರ್ಘ ತಪ್ಪುಗಳು ಬೇಕಾದಷ್ಟಿವೆ, ವಾಕ್ಯಗಳು ಕುಂಟುತ್ತವೆ. ಆದರೆ 12 ಸುರಂಗಗಳಲ್ಲಿ 7 ಎಪ್ರಿಲ್‌ನಲ್ಲಿ ಬತ್ತಿದವು, ಆ 7ರಲ್ಲಿ 5ರ ಹತ್ತಿರ ಕೊಳವೆಬಾವಿ ಇದೆ, 2ರ ಹತ್ತಿರ ಇಲ್ಲ, ನಾವು ನೋಡಿದ್ದು ಒಂದೇ ಬೇಸಿಗೆ, ಹಾಗಾಗಿ ಕೊಳವೆಬಾವಿಯೇ ಕಾರಣ ಅಂತ ಹೇಳಲಾಗುವುದಿಲ್ಲ ಅಂತ ಬರೆದಿದ್ದಾರೆ. ಮೂವರೂ ತಮ್ಮ ತಮ್ಮ ಪದಕ್ಕೆ ನಿಯತ್ತಾಗಿ ಅಂಕ ಕೊಟ್ಟಿದ್ದಾರೆ. ತಪ್ಪು ಚೌಕದ್ದು.

ತಿದ್ದುವುದು

ಮೊದಲ ಕೆಲಸ, ಒಂದು ಸಾಲಿನಲ್ಲಿ ಒಂದೇ ವಿಷಯ ಉಳಿಸಿಕೊಳ್ಳುವುದು. ಭಾಷೆಗೆ ಅಂಕ ಬೇಕಾದರೆ ಅದಕ್ಕೆ ಬೇರೆ ಸಾಲು ಹಾಕಿ. "ತೀರ್ಮಾನ" ಸಾಲು ಮಕ್ಕಳ ತೀರ್ಮಾನಕ್ಕೂ ಅವರೇ ತಂದ ಮಾಹಿತಿಗೂ ಇರುವ ಸಂಬಂಧವನ್ನು ಮಾತ್ರ ನೋಡಲಿ. ಎರಡನೆಯದು, ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಪ್ರಮಾಣದ ಪದ ಬದಲಾಗಬಾರದು, ವರದಿಯಲ್ಲಿ ಹೊಸದಾಗಿ ಕಾಣುವ ಒಂದು ಸಂಗತಿ ಬದಲಾಗಬೇಕು. ಬರೆಯುವಾಗ 4ರಿಂದ ಶುರು ಮಾಡಬೇಡಿ. 2 ಮತ್ತು 3ರ ನಡುವಿನ ಗಡಿಯಿಂದ ಶುರು ಮಾಡಿ. ಹೆಚ್ಚಿನ ವರದಿಗಳು ಬಂದು ನಿಲ್ಲುವುದು ಅಲ್ಲಿ, ಜಗಳ ಆಗುವುದೂ ಅಲ್ಲಿ.

ಹೊಸ ಸಾಲು ಹೀಗಾಯಿತು:

3: ಪ್ರತಿ ಮುಖ್ಯ ತೀರ್ಮಾನಕ್ಕೂ ಇದೇ ವರದಿಯ ಪಟ್ಟಿ, ಅಳತೆ ಅಥವಾ ಸಂದರ್ಶನವನ್ನು ತೋರಿಸಿದ್ದಾರೆ, ಅದು ತೀರ್ಮಾನಕ್ಕೆ ಹೊಂದುತ್ತದೆ.

2: ಕೆಲವು ಮುಖ್ಯ ತೀರ್ಮಾನಗಳಿಗೆ ಹಾಗೆ ತೋರಿಸಿದ್ದಾರೆ. ಕನಿಷ್ಠ ಒಂದಕ್ಕೆ ಆಧಾರ ಇಲ್ಲ, ಅಥವಾ ಆಧಾರ ತೀರ್ಮಾನಕ್ಕೆ ಹೊಂದುವುದಿಲ್ಲ.

1: ತೀರ್ಮಾನ ಇಲ್ಲ. ಅಥವಾ ಇದ್ದ ಯಾವ ತೀರ್ಮಾನಕ್ಕೂ ವರದಿಯ ಮಾಹಿತಿಯ ಜತೆ ಸಂಬಂಧ ಇಲ್ಲ.

4: 3ರಲ್ಲಿ ಹೇಳಿದ್ದೆಲ್ಲ ಇದೆ. ಜತೆಗೆ ತೀರ್ಮಾನಕ್ಕೆ ಹೊಂದದ ಮಾಹಿತಿ ಅಥವಾ ಬೇರೆ ಕಾರಣದ ಸಾಧ್ಯತೆಯನ್ನೂ ಹೇಳಿ, ತೀರ್ಮಾನ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಅಂತ ಬರೆದಿದ್ದಾರೆ.

ಮೊದಲನೇ ವರದಿಗೆ ಈಗ ಕನ್ನಡ ಟೀಚರೂ 2 ಕೊಡಬೇಕಾಗುತ್ತದೆ. ಕೊಳವೆಬಾವಿಯ ಮಾತಿಗೆ ಆಧಾರ ಇಲ್ಲ, ನೀರಿನ ಅಳತೆಯ ಮಾತಿಗೆ ಇದೆ. ಅವರಿಗೆ ಇಷ್ಟವಾದ ಭಾಷೆಗೆ ಭಾಷೆಯ ಸಾಲಿನಲ್ಲಿ 4 ಕೊಡಲಿ, ಯಾರೂ ಬೇಡ ಅನ್ನುವುದಿಲ್ಲ. ಮೂರನೇ ವರದಿ 4ಕ್ಕೆ ಹೋಗುತ್ತದೆ, ಕುಂಟುವ ವಾಕ್ಯಗಳ ಸಮೇತ.

"ಅತ್ಯುತ್ತಮ, ಉತ್ತಮ, ಸಾಧಾರಣ" ಅನ್ನುವ ಹೆಸರುಗಳನ್ನು ನೋಡುವವರ ಪ್ರತಿಯಿಂದ ತೆಗೆದುಬಿಡಿ. ಅವು ಇದ್ದರೆ ಹೆಚ್ಚಿನವರು ಮೊದಲು "ಇದು ಉತ್ತಮ" ಅಂತ ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ವಿವರಣೆ ಓದುತ್ತಾರೆ, ಇಲ್ಲವೇ ಓದುವುದೇ ಇಲ್ಲ.

ಒಂದು ಅಡ್ಡದಾರಿ ಬಗ್ಗೆ ಎಚ್ಚರಿಕೆ ಹೇಳಬೇಕು. ಒಂದೇ ಅಂಕ ಬರಿಸುವುದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಎಣಿಕೆ: "3 ಪಟ್ಟಿ ಇದ್ದರೆ 3, 5 ಪಟ್ಟಿ ಇದ್ದರೆ 4". ಮೂವರೂ ತಪ್ಪದೆ ಒಂದೇ ಅಂಕ ಕೊಡುತ್ತಾರೆ. ಮಕ್ಕಳೂ ತಪ್ಪದೆ ಐದು ಪಟ್ಟಿ ಹಾಕುತ್ತಾರೆ, ಎರಡು ಯಾವುದಕ್ಕೂ ಬಾರದವು. ಎಣಿಸುವ ಸಂಗತಿಯೇ ನಮಗೆ ಬೇಕಾದ ಸಂಗತಿ ಆಗಿದ್ದರೆ ಎಣಿಸಿ, ಇಲ್ಲದಿದ್ದರೆ ಬೇಡ. ಮೇಲಿನ ವಿವರಣೆಯಲ್ಲೂ "ಕನಿಷ್ಠ ಒಂದಕ್ಕೆ" ಅಂತ ಒಂದು ಎಣಿಕೆ ಇದೆ, ಆದರೆ ಅಲ್ಲಿ ಎಣಿಸುವುದು ಆಧಾರವಿಲ್ಲದ ತೀರ್ಮಾನವನ್ನು, ಅದೇ ನಮಗೆ ಬೇಕಾದ್ದು.

ಆಕಾರ ಮೂರು: ಎಲ್ಲರಿಗೂ 3

ಈಗ ಸಹಕಾರದ ಸಾಲು. ಇಬ್ಬರು ಆರಕ್ಕೆ ಆರು ಒಂದೇ ಅಂಕ ಕೊಟ್ಟಿದ್ದಾರೆ, ಏಕೆಂದರೆ ಇಬ್ಬರೂ ಎಲ್ಲ ವರದಿಗೂ 3 ಬರೆದಿದ್ದಾರೆ. ಭೂಗೋಳದ ಮಾಷ್ಟ್ರು ಮಾತ್ರ 4, 2, 4, 3, 1, 4 ಅಂತ ಏರಿಳಿತ ತೋರಿಸಿದ್ದಾರೆ. ಪೆನ್ಸಿಲ್ ಕೊಟ್ಟರೆ ಮೂವರಿಗೂ ವರದಿಯಲ್ಲಿ ಗೆರೆ ಹಾಕಲು ಜಾಗ ಸಿಗುವುದಿಲ್ಲ. ಮಾಷ್ಟ್ರು ಕ್ಲಾಸ್ ಟೀಚರ್, ಐದನೇ ಗುಂಪಿನಲ್ಲಿ ಯಾರು ಯಾರ ಮಾತು ಬಿಟ್ಟಿದ್ದಾರೆ ಅಂತ ಅವರಿಗೆ ಗೊತ್ತು, ಆ ನೆನಪಿನಿಂದ ಕೊಟ್ಟರು. ಉಳಿದಿಬ್ಬರಿಗೆ ಗೊತ್ತಿಲ್ಲ, ಸುಮ್ನೆ 3 ಹಾಕಿ ತಪ್ಪಿಸಿಕೊಂಡರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಇಬ್ಬರು ಎಷ್ಟು ಹೊಂದುತ್ತಾರೆ ಅಂತ ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅನ್ನುವ ಅಳತೆ ಇದೆ. ಅದು ಆಕಸ್ಮಿಕವಾಗಿ ಹೊಂದುವಷ್ಟು ಪಾಲನ್ನು ಮೊದಲು ಕಳೆದುಬಿಡುತ್ತದೆ. ಇಬ್ಬರೂ ಎಲ್ಲಕ್ಕೂ 3 ಕೊಟ್ಟ ಈ ಸಾಲಿಗೆ ಕಪ್ಪಾ ಲೆಕ್ಕ ಹಾಕಲು ಹೋದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಉತ್ತರವೇ ಬರುವುದಿಲ್ಲ. ನೂರಕ್ಕೆ ನೂರು ಹೊಂದಾಣಿಕೆ, ಮಾಹಿತಿ ಸೊನ್ನೆ. ಆದರೆ ಆರೇಳು ವರದಿಗೆ ಕಪ್ಪಾ ಹಾಕುತ್ತಾ ಕೂರಬೇಡಿ, ಒಂದು ವರದಿ ಆಚೀಚೆ ಆದರೆ ಅಂಕಿ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಮೇಲಿನಂಥ ಪಟ್ಟಿಯನ್ನು ಕಣ್ಣಿಂದ ನೋಡಿದರೆ ಜಾಸ್ತಿ ಗೊತ್ತಾಗುತ್ತದೆ.

ಈ ಸಾಲಿಗೆ ವಿವರಣೆ ತಿದ್ದಿ ಪ್ರಯೋಜನ ಇಲ್ಲ. ಎಷ್ಟು ಚೆನ್ನಾಗಿ ಬರೆದರೂ ಸಹಕಾರ ವರದಿಯ ಪುಟಗಳಲ್ಲಿ ಕಾಣುವುದಿಲ್ಲ. ಸಾಲನ್ನೇ ವರದಿಯ ರೂಬ್ರಿಕ್ಕಿನಿಂದ ತೆಗೆಯಬೇಕು. ಯಾರು ಎಷ್ಟು ಮಾಡಿದರು ಅಂತ ತಿಳಿಯುವುದು ಬೇಕೇ ಬೇಕು, ಅದಕ್ಕೆ ಕೆಲಸದ ಡೈರಿ, ಸಣ್ಣ ವೈವಾ, ಗುಂಪಿನೊಳಗೆ ಮಕ್ಕಳೇ ಒಬ್ಬರಿಗೊಬ್ಬರು ಕೊಡುವ ಅಂಕ, ಹೀಗೆ ಬೇರೆ ದಾರಿ ಮಾಡಿ, ಅದಕ್ಕೆ ಬೇರೆ ಅಂಕ ಇಡಿ. ತೆಗೆದ ಜಾಗಕ್ಕೆ ಭಾಷೆಯ ಸಾಲು ಬಂದರೆ ಒಟ್ಟು 16ರಲ್ಲೇ ಉಳಿಯುತ್ತದೆ.

ಜೋಡಣೆ: ಅರ್ಧ ಚೆನ್ನಾಗಿದೆ, ಅರ್ಧ ಇಲ್ಲ

ಇದು ಗುಂಪು ವರದಿಯಲ್ಲೇ ಬರುವ ದೋಷ. ಒಬ್ಬನೇ ಬರೆದ ವರದಿಯಲ್ಲಿ ಮಟ್ಟ ಸುಮಾರಾಗಿ ಒಂದೇ ಇರುತ್ತದೆ. ಐದು ಮಕ್ಕಳು ಐದು ಅಧ್ಯಾಯ ಹಂಚಿಕೊಂಡು ಬರೆದು ಕೊನೆಯ ರಾತ್ರಿ ಪಿನ್ ಹೊಡೆದರೆ ಒಂದು ಅಧ್ಯಾಯದಲ್ಲಿ ಸುರಂಗದ ಉದ್ದ ಕೋಲಿನಲ್ಲಿ, ಇನ್ನೊಂದರಲ್ಲಿ ಮೀಟರಿನಲ್ಲಿ. ಪೀಠಿಕೆಯಲ್ಲಿ 15 ಸುರಂಗ, ಪಟ್ಟಿಯಲ್ಲಿ 12. ಒಂದೇ ಜಾಗದ ಹೆಸರು ಎರಡು ರೀತಿ.

ಮೂರನೇ ವರದಿ ಇಂಥದ್ದು. ಐದು ಅಧ್ಯಾಯದಲ್ಲಿ ಮೂರು ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆ, ಎರಡು ಕೂಡುವುದಿಲ್ಲ. ಇದಕ್ಕೆ ಕನ್ನಡ ಟೀಚರ್ 3, ಮಾಷ್ಟ್ರು 4, ಇಕನಾಮಿಕ್ಸ್ ಟೀಚರ್ 2. ಪೆನ್ಸಿಲ್ ಪರೀಕ್ಷೆಯಲ್ಲಿ ಮೂವರೂ ಅದೇ ಪದಕ್ಕೆ, ಅದೇ ಪುಟಗಳಿಗೆ ಗೆರೆ ಹಾಕುತ್ತಾರೆ! ಆಗ ಏನು ತಿಳಿಯಬೇಕು ಅಂದರೆ, ಅವರು ಓದಿದ್ದು ಒಂದೇ, ಕೂಡಿಸಿದ ರೀತಿ ಬೇರೆ. ಒಬ್ಬರು ನಡುವಿನದನ್ನು ತೆಗೆದುಕೊಂಡರು, ಒಬ್ಬರು ಹೆಚ್ಚಿನ ಭಾಗ ಹೇಗಿದೆ ಅಂತ ನೋಡಿದರು, ಒಬ್ಬರು ಅತಿ ದುರ್ಬಲ ಅಧ್ಯಾಯಕ್ಕೆ ಅಂಕ ಕೊಟ್ಟರು. ರೂಬ್ರಿಕ್ ಈ ಬಗ್ಗೆ ಬಾಯಿ ಬಿಟ್ಟಿಲ್ಲ.

ಹಾಗಾಗಿ ಪ್ರತಿ ಸಾಲಿಗೂ ಕೂಡಿಸುವ ನಿಯಮ ಬರೆಯಿರಿ. ಜೋಡಣೆಯಂಥ ಸಾಲಿಗೆ ದುರ್ಬಲ ಭಾಗವೇ ನಿರ್ಧರಿಸಲಿ ಅಂತ ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಅಳೆಯುವುದೇ ಎಲ್ಲವೂ ಒಂದಾಗಿದೆಯಾ ಅಂತ. 3ಕ್ಕೆ "ಸಂಖ್ಯೆ, ಅಳತೆಯ ಮಾನ, ಜಾಗದ ಹೆಸರು ಎಲ್ಲ ಅಧ್ಯಾಯಗಳಲ್ಲೂ ಒಂದೇ", 2ಕ್ಕೆ "ಇವುಗಳಲ್ಲಿ ಯಾವುದಾದರೂ ಒಂದು, ಎರಡು ಅಧ್ಯಾಯಗಳ ನಡುವೆ ಹೊಂದುವುದಿಲ್ಲ" ಅಂತ ಇದ್ದರೆ ನಿಯಮ ವಿವರಣೆಯೊಳಗೇ ಸೇರಿಹೋಗುತ್ತದೆ. ತೀರ್ಮಾನದ ಸಾಲಿನಲ್ಲೂ "ಪ್ರತಿ ಮುಖ್ಯ ತೀರ್ಮಾನಕ್ಕೂ" ಅನ್ನುವುದು ಅದೇ ಕೆಲಸ ಮಾಡುತ್ತದೆ. ಭಾಷೆಗೆ ಹಾಗೆ ಮಾಡಬೇಡಿ. ಒಬ್ಬ ಹುಡುಗನ ಒಂದು ಅಧ್ಯಾಯದ ಕಾಗುಣಿತಕ್ಕೆ ಐದೂ ಮಕ್ಕಳ ಅಂಕ ಕೆಳಗೆ ಹೋಗುವುದು ಅನ್ಯಾಯ, ಅಲ್ಲಿ ಹೆಚ್ಚಿನ ಪುಟಗಳು ಹೇಗಿವೆ ಅಂತ ನೋಡಲಿ.

ತಿದ್ದಿದ ಮೇಲೆ ಪರೀಕ್ಷೆ

ಇದೇ ಆರು ವರದಿಗಳಿಗೆ ಮತ್ತೆ ಅಂಕ ಹಾಕಿಸಿದರೆ ಎಲ್ಲ ಹೊಂದುತ್ತದೆ, ಅದಕ್ಕೆ ಅರ್ಥ ಇಲ್ಲ. ಮೂವರಿಗೂ ಚರ್ಚೆ ನೆನಪಿದೆ. ಕಳೆದ ವರ್ಷದ ವರದಿಗಳನ್ನು ತನ್ನಿ, ಮಕ್ಕಳ ಹೆಸರಿರುವ ಪುಟ ತೆಗೆಯಿರಿ, ಮತ್ತೆ ಬೇರೆ ಬೇರೆ ಕೂತು ಅಂಕ ಹಾಕಿ. ಹೆಚ್ಚಿನ ಚೌಕಗಳಲ್ಲಿ ಅದೇ ಹಂತ, ಉಳಿದವುಗಳಲ್ಲಿ ಒಂದು ಹಂತದ ವ್ಯತ್ಯಾಸ, ಎರಡು ಹಂತದ ವ್ಯತ್ಯಾಸ ಎಲ್ಲೂ ಇಲ್ಲ ಅಂತಾದರೆ ಶಾಲೆಯ ಕೆಲಸಕ್ಕೆ ಸಾಕು ಅಂತ ನಾನು ಹೇಳುತ್ತೇನೆ.

ಹೊಸ ದೋಷ ಒಂದಾದರೂ ಸಿಗುತ್ತದೆ. ನಮ್ಮ ತೀರ್ಮಾನದ ಸಾಲಿನಲ್ಲಿ ಸಿಗುವುದು "ಮುಖ್ಯ" ಅನ್ನುವ ಪದ. ಒಂದು ವರದಿಯಲ್ಲಿ ಎರಡು ತೀರ್ಮಾನಕ್ಕೂ ಆಧಾರ ಇದೆ, ಕೊನೆಗೆ "ಸುರಂಗಗಳ ದುರಸ್ತಿಗೆ ಪಂಚಾಯತು ಹಣ ಕೊಡಬೇಕು" ಅಂತ ಇದೆ, ಅದಕ್ಕೆ ಇಲ್ಲ. ಇದು ಮುಖ್ಯ ತೀರ್ಮಾನ ಅಂತ ಎಣಿಸಿದವರು 2 ಕೊಡುತ್ತಾರೆ, ಇದು ಸಲಹೆ ಅಂತ ಬಿಟ್ಟವರು 3 ಕೊಡುತ್ತಾರೆ. ಸಾಲಿನ ಕೆಳಗೆ ಒಂದು ಟಿಪ್ಪಣಿ ಸಾಕು: ಮುಖ್ಯ ತೀರ್ಮಾನ ಅಂದರೆ ವರದಿಯ ಆರಂಭದಲ್ಲಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರ. ಸಲಹೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಂಥ ಗಡಿಯ ವರದಿಗಳೇ ಮಾದರಿಗೆ ಒಳ್ಳೆಯವು. ಎಲ್ಲರೂ ಒಪ್ಪುವ 4 ಮತ್ತು ಎಲ್ಲರೂ ಒಪ್ಪುವ 1 ಇಟ್ಟುಕೊಂಡು ಪ್ರಯೋಜನ ಇಲ್ಲ, ಅಲ್ಲಿ ಯಾರಿಗೂ ಸಂಶಯ ಇರಲಿಲ್ಲ. 3ಕ್ಕೆ ಕಷ್ಟದಲ್ಲಿ ಹತ್ತಿದ ಒಂದು ಪುಟ, 2ರಲ್ಲೇ ಉಳಿದ ಒಂದು ಪುಟ, ಪ್ರತಿಯೊಂದಕ್ಕೂ ಯಾಕೆ ಅಂತ ಎರಡು ಸಾಲು, ಇವನ್ನು ರೂಬ್ರಿಕ್ಕಿನ ಹಿಂದೆ ಪಿನ್ ಮಾಡಿ. ನೋಡುವವರು ಕೆಲಸ ಶುರು ಮಾಡುವ ಮೊದಲು ಇವುಗಳಿಗೆ ಅಂಕ ಹಾಕಿ, ಬರೆದ ಕಾರಣದ ಜತೆ ಹೋಲಿಸಿಕೊಳ್ಳಲಿ. ಎಲ್ಲ ಸಾಲಿನಲ್ಲೂ ಬಿಗಿ ಇರುವವರಿಗೂ, ಎಲ್ಲ ಸಾಲಿನಲ್ಲೂ ಧಾರಾಳಿಗಳಿಗೂ ಕೆಲಸ ಮಾಡುವ ಮದ್ದು ಇದೇ. ಹೊಸ ಗೆಸ್ಟ್ ಟೀಚರ್ ಬಂದರೂ ಇದನ್ನು ಕೈಗೆ ಕೊಟ್ಟರೆ ಸಾಕು.

ಅಂಕ ಹಾಕುವ ಕೆಲಸ ಅರ್ಧ ಆದಾಗ ದೋಷ ಸಿಕ್ಕಿದರೆ ಆ ಸಾಲನ್ನು ಮಾತ್ರ ತಿದ್ದಿ, ಆ ಸಾಲಿಗೆ ಮಾತ್ರ ಮೊದಲಿನಿಂದ ಎಲ್ಲ ವರದಿಗಳನ್ನೂ ಮತ್ತೆ ನೋಡಿ. ಉಳಿದ ಸಾಲುಗಳ ಅಂಕ ಮುಟ್ಟಬೇಕಾಗಿಲ್ಲ. ಆದರೆ ಆಗ ಕೇವಲ ಟಿಪ್ಪಣಿ ಹಾಕಿ ಅರ್ಥ ಬಿಗಿ ಮಾಡಬಹುದು, ಹೊಸ ಬೇಡಿಕೆ ಸೇರಿಸುವ ಹಾಗಿಲ್ಲ. ಜಾಗ ಮತ್ತು ಅವಧಿ ಬರೆಯಬೇಕು ಅಂತ ಮಕ್ಕಳಿಗೆ ಕೊಟ್ಟ ಪ್ರತಿಯಲ್ಲಿ ಇರಲಿಲ್ಲ ಅಂತಾದರೆ ಈ ವರ್ಷ ಅದಕ್ಕೆ ಅಂಕ ಕಳೆಯಬೇಡಿ. ಈ ಸಲ ಇಬ್ಬರು ಓದಿದ ಹಾಗೆಯೇ ಇರಲಿ, ಇಕನಾಮಿಕ್ಸ್ ಟೀಚರ್ ಆ ಸಾಲಿನಲ್ಲಿ ಒಂದು ಹಂತ ಏರಿಸಲಿ, ಬದಲಾವಣೆ ಮುಂದಿನ ವರ್ಷದ ಪ್ರತಿಗೆ ಹೋಗಲಿ.